ಊದಿದ ಉಸಿರಿನ ಲೆಕ್ಕ

ಕೇರಳದ ಪತ್ತನಂತಿಟ್ಟ ಜಿಲ್ಲೆಯ ಪಂದಳಂ ಬಸ್ ಡಿಪೋದಲ್ಲಿ 2025ರ ಜುಲೈನಲ್ಲಿ ನಡೆದ ಸಂಗತಿ ಇದು. ಬೆಳಗ್ಗೆ ಡ್ಯೂಟಿಗೆ ಹೊರಡುವ ಮೊದಲು ಅಲ್ಲಿನ ಚಾಲಕರು ಯಂತ್ರಕ್ಕೆ ಊದಿ ತೋರಿಸಬೇಕು. ಅವತ್ತು ಊದಿದ ಚಾಲಕರೊಬ್ಬರ ಉಸಿರಿನಲ್ಲಿ ಮದ್ಯವಿದೆ ಎಂದು ಯಂತ್ರ ಹೇಳಿತು. ತಾನು ಕುಡಿದೇ ಇಲ್ಲ, ಬೇಕಾದರೆ ರಕ್ತ ತಪಾಸಣೆ ಮಾಡಿಸಿ ಎಂದು ಅವರು ಪಟ್ಟು ಹಿಡಿದರು. ಇನ್ನೂ ಕೆಲವರಿಗೆ ಹೀಗೇ ಆದಾಗ ಅನುಮಾನ ಹೋದದ್ದು ಡಿಪೋಗೆ ಯಾರೋ ತಂದಿದ್ದ ಹಲಸಿನ ಹಣ್ಣಿನ ಮೇಲೆ. ಪರೀಕ್ಷೆಯಲ್ಲಿ ಆಗಷ್ಟೇ ಪಾಸಾಗಿದ್ದ ಸಿಬ್ಬಂದಿಯೊಬ್ಬರಿಗೆ ಕೆಲವು ತೊಳೆ ತಿನ್ನಿಸಿ ಮತ್ತೆ ಊದಿಸಿದರು. ಯಂತ್ರ ಅವರನ್ನೂ ಕುಡಿದವರ ಸಾಲಿಗೆ ಸೇರಿಸಿತು.

ಹಾಗಂತ ಯಂತ್ರ ಕೆಟ್ಟಿತ್ತು ಎನ್ನಲಾಗದು. ಚೆನ್ನಾಗಿ ಕಳಿತ ಹಲಸಿನಲ್ಲಿ ಸಕ್ಕರೆ ಹೆಚ್ಚು. ಗಾಳಿಯಲ್ಲಿರುವ ಯೀಸ್ಟ್ ಅದನ್ನು ಹುದುಗಿಸಿ ಸ್ವಲ್ಪ ಆಲ್ಕೋಹಾಲ್ ಮಾಡಿಡುತ್ತದೆ. ತಿಂದವನ ಬಾಯಲ್ಲಿ ಆಲ್ಕೋಹಾಲ್ ಇದ್ದದ್ದು ನಿಜ, ಯಂತ್ರ ಕಂಡದ್ದೂ ನಿಜ. ಅದು ರಕ್ತದಲ್ಲಿತ್ತೇ, ಬರೀ ಬಾಯಲ್ಲಿತ್ತೇ ಎಂಬುದನ್ನು ಮಾತ್ರ ಒಂದು ಸಲ ಊದಿಸಿ ತಿಳಿಯಲಾಗದು. ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಿಂದ ಮೆಣಸಿನಕಾಯಿ, ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿ ರಾತ್ರಿ ಮರಳುವ ಟೆಂಪೊ ಚಾಲಕನೂ ಒಂದಲ್ಲ ಒಂದು ದಿನ ಈ ಯಂತ್ರಕ್ಕೆ ಊದಬೇಕಾಗುತ್ತದೆ. ಅದಕ್ಕೇ ಅದರ ಒಳಗನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಕುಡಿದ ಮದ್ಯ ಹೊಟ್ಟೆ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ರಕ್ತ ಶ್ವಾಸಕೋಶದ ಗಾಳಿಚೀಲಗಳ ಪಕ್ಕದಲ್ಲೇ ಹರಿಯುವಾಗ ಅದರಲ್ಲಿನ ಆಲ್ಕೋಹಾಲ್ ಒಂದು ಪಾಲು ಆವಿಯಾಗಿ ಉಸಿರಿಗೆ ಬರುತ್ತದೆ. ಒಂದು ಲೀಟರ್ ರಕ್ತದಲ್ಲಿ ಇರುವುದರ 2100ನೇ ಒಂದು ಭಾಗ ಒಂದು ಲೀಟರ್ ಉಸಿರಿನಲ್ಲಿ ಇರುತ್ತದೆ ಎಂಬ ಸರಾಸರಿಯನ್ನು ಹಿಡಿದು ಯಂತ್ರ ಲೆಕ್ಕ ಹಾಕುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಉಸಿರಿನ ಲೆಕ್ಕಕ್ಕೆ ತಂದರೆ ಒಂದು ಲೀಟರ್ ಗಾಳಿಯಲ್ಲಿ ಸುಮಾರು 0.14 ಮಿಲಿಗ್ರಾಂ, ಅಂದರೆ ಮಿಲಿಗ್ರಾಮಿನ ಏಳನೇ ಒಂದು ಪಾಲು. ಯಂತ್ರ ತೂಗುವುದು ಇಷ್ಟು ಚಿಕ್ಕದನ್ನು. ಬಾಯಿಯ ಮೂಲೆಯಲ್ಲಿ ಉಳಿದ ತೇವಕ್ಕೂ ಅದು ಮೋಸ ಹೋಗುವುದಕ್ಕೆ ಇದೇ ಕಾರಣ.

ಪೊಲೀಸರ ಕೈಯಲ್ಲಿನ ಆಲ್ಕೋಮೀಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯೂಯಲ್ ಸೆಲ್. ಅದೊಂದು ಪುಟ್ಟ ಬ್ಯಾಟರಿ, ಆಲ್ಕೋಹಾಲೇ ಅದರ ಇಂಧನ. ಚಾಲಕ ಹೊಸ ಕೊಳವೆಗೆ ಒಂದೇ ಸಮನೆ ಕೆಲವು ಸೆಕೆಂಡು ಊದಬೇಕು. ಮೊದಲು ಬರುವ ಗಾಳಿ ಬಾಯಿ ಮತ್ತು ಗಂಟಲಿನದು, ಅದನ್ನು ಯಂತ್ರ ಬಿಟ್ಟುಬಿಡುತ್ತದೆ. ಕೊನೆಗೆ ಬರುವ ಶ್ವಾಸಕೋಶದ ಆಳದ ಗಾಳಿಯಲ್ಲಿ ಒಂದು ಚಿಟಿಕೆಯಷ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ಲಾಟಿನಂ ಲೇಪಿಸಿದ ತಟ್ಟೆಯ ಮೇಲೆ ಅದರಲ್ಲಿನ ಆಲ್ಕೋಹಾಲ್ ಅಸಿಟಿಕ್ ಆಮ್ಲವಾಗುತ್ತದೆ, ಆಗ ಸಣ್ಣ ವಿದ್ಯುತ್ ಹರಿಯುತ್ತದೆ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ವಿದ್ಯುತ್ ಹೆಚ್ಚು. ಉಪವಾಸ ಇದ್ದವರ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರ ಉಸಿರಿನಲ್ಲಿ ಬರುವ ಅಸಿಟೋನ್‌ಗೆ ಈ ಸೆಲ್ ಓಗೊಡುವುದಿಲ್ಲ. ಅಗ್ಗದ ಸೆಮಿಕಂಡಕ್ಟರ್ ಯಂತ್ರಗಳಿಗೆ ಆ ವಿವೇಕ ಇಲ್ಲ.

ಆಳದ ಗಾಳಿಯನ್ನೇ ಹಿಡಿದರೂ ಅದು ಬಾಯಿಯ ಮೂಲಕವೇ ಬರಬೇಕಲ್ಲ. ಇಲ್ಲಿ ಒಂದು ಲೆಕ್ಕವನ್ನು ನಿಧಾನಕ್ಕೆ ಮಾಡಿ ನೋಡೋಣ. ಮೈಕೈ ನೋವಿಗೆಂದು ನಮ್ಮ ಕಡೆ ಎಷ್ಟೋ ಮಂದಿ ದಶಮೂಲಾರಿಷ್ಟ ಕುಡಿಯುತ್ತಾರೆ. ಹುದುಗಿಸಿಯೇ ಮಾಡುವ ಔಷಧವಾದ್ದರಿಂದ ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಶೇ 8 ಎಂದಿಟ್ಟುಕೊಳ್ಳಿ. ಅದರ ಒಂದೇ ಹನಿಯಲ್ಲಿ ಸುಮಾರು 3 ಮಿಲಿಗ್ರಾಂ ಆಲ್ಕೋಹಾಲ್. ಇಷ್ಟೂ ಆವಿಯಾದರೆ 20 ಲೀಟರ್ ಉಸಿರನ್ನು ಕಾನೂನಿನ ಮಿತಿಗೆ ಏರಿಸಲು ಸಾಕು. ಔಷಧ ಕುಡಿದ ಮರುನಿಮಿಷ ಊದಿದವನ ಅಂಕಿ ಮಿತಿ ದಾಟಿದರೆ ಅಚ್ಚರಿಪಡಬೇಕಿಲ್ಲ.

ಈಗ ಅವನ ರಕ್ತವನ್ನು ನೋಡಿ. 30 ಮಿಲಿಲೀಟರ್ ಅರಿಷ್ಟದಲ್ಲಿರುವುದು ಎರಡು ಗ್ರಾಂಗೂ ಕಡಿಮೆ ಆಲ್ಕೋಹಾಲ್. 70 ಕಿಲೊ ತೂಕದ ಗಂಡಸಿನ ಮೈಯಲ್ಲಿ ಅದೆಲ್ಲ ಹರಡಿದರೂ ರಕ್ತದಲ್ಲಿ 100 ಮಿಲಿಲೀಟರ್‌ಗೆ 4 ಮಿಲಿಗ್ರಾಂ ದಾಟುವುದಿಲ್ಲ. ಮಿತಿ 30. ಇಷ್ಟೇ ತೂಕದ ಇನ್ನೊಬ್ಬ ಒಂದು ನೈಂಟಿ ವಿಸ್ಕಿ ಹಾಕಿದ್ದರೆ ಅವನೊಳಗೆ ಹೋದದ್ದು ಸುಮಾರು 30 ಗ್ರಾಂ, ರಕ್ತದ ಅಂಕಿ 60ರ ಆಸುಪಾಸು.

ಇಬ್ಬರನ್ನೂ ಕೂಡಿಸಿ 15 ನಿಮಿಷ ಏನೂ ತಿನ್ನಿಸದೆ, ಕುಡಿಸದೆ, ಬೀಡಿ ಸೇದಿಸದೆ ಬಿಟ್ಟು ಮತ್ತೆ ಊದಿಸಿದರೆ ನಿಜ ಹೊರಬರುತ್ತದೆ. ಬಾಯಲ್ಲಿನ ಆಲ್ಕೋಹಾಲ್ ಜೊಲ್ಲಿನ ಜೊತೆ ಗಂಟಲಿಗಿಳಿದು, ಉಸಿರಿನ ಜೊತೆ ಹಾರಿ ಬೇಗ ಖಾಲಿಯಾಗುತ್ತದೆ. ಅರಿಷ್ಟ ಕುಡಿದವನ ಅಂಕಿ ಸೊನ್ನೆಯ ಹತ್ತಿರಕ್ಕೆ ಬಿದ್ದಿರುತ್ತದೆ. ನೈಂಟಿ ಹಾಕಿದವನ ಅಂಕಿ ಹಾಗೆ ಬೀಳದು. ರಕ್ತದಲ್ಲಿನ ಮದ್ಯವನ್ನು ಪಿತ್ತಜನಕಾಂಗ 100 ಮಿಲಿಲೀಟರ್‌ಗೆ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಕರಗಿಸುತ್ತದೆ, ಕಾಲು ಗಂಟೆಗೆ ಇಳಿಯುವುದು ನಾಲ್ಕೇ ನಾಲ್ಕು. ಆಗಷ್ಟೇ ಕುಡಿದವನಾದರೆ ಅಂಕಿ ಏರಿದರೂ ಏರಬಹುದು. ಆದ್ದರಿಂದ ‘ಹಲಸಿನ ಹಣ್ಣು ತಿಂದಿದ್ದೆ ಸಾಹೇಬ್ರ’ ಎಂಬ ಮಾತು ನಿಜವೋ ಸುಳ್ಳೋ ಎಂದು ವಾದ ಮಾಡುವ ಅಗತ್ಯವೇ ಇಲ್ಲ. ಎರಡನೇ ಊದು ಹೇಳುತ್ತದೆ. ಈರುಳ್ಳಿ, ಏಲಕ್ಕಿ, ಗುಟ್ಕಾ ಜಗಿದು ವಾಸನೆ ಮುಚ್ಚುವವರಿಗೂ ಇದೇ ಉತ್ತರ. ಯಂತ್ರ ಮೂಗಿನ ಹಾಗೆ ವಾಸನೆ ಹಿಡಿಯುವುದಿಲ್ಲ.

ಬಾಯಿ ಮುಕ್ಕಳಿಸುವ ಮೌತ್‌ವಾಶ್, ಹೋಮಿಯೋಪಥಿ ಹನಿ, ಕೆಲವು ಕೆಮ್ಮಿನ ಸಿರಪ್, ಎಲ್ಲವೂ ಇದೇ ಜಾತಿ. ವಿಮಾನದ ಪೈಲಟ್‌ಗಳಿಗೆ ಮದ್ಯದ ಅಂಶವಿರುವ ಮೌತ್‌ವಾಶ್ ಮತ್ತು ಟೂತ್ ಜೆಲ್ ಬಳಸಬಾರದೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ 2023ರಲ್ಲಿ ನಿಯಮವನ್ನೇ ತಂದಿತು, ಏಕೆಂದರೆ ಅಲ್ಲಿ ಅಂಕಿ ಸೊನ್ನೆಯೇ ಇರಬೇಕು. ಕೈಗೆ ಹಚ್ಚಿದ ಸ್ಯಾನಿಟೈಜರ್ ಆರುವ ಮೊದಲೇ ಯಂತ್ರ ಹಿಡಿದರೆ ಅದರ ಆವಿಯೂ ಒಳಗೆ ಹೋಗುತ್ತದೆ. ಹಿಡಿಯುವ ಪೊಲೀಸರ ಕೈಗೂ ಈ ಮಾತು ಅನ್ವಯಿಸುತ್ತದೆ.

ತೇಗು ಬೇರೆ ಬಗೆಯದು. ಹೊಟ್ಟೆಯಲ್ಲಿ ಮದ್ಯವಿದ್ದವನು ತೇಗಿದರೆ ಅದರ ಆವಿ ಬಾಯಿಗೆ ಬಂದು ಅಂಕಿ ಇದ್ದದ್ದಕ್ಕಿಂತ ಹೆಚ್ಚು ತೋರಬಹುದು. ಹೊಟ್ಟೆಯಲ್ಲಿ ಮದ್ಯವೇ ಇಲ್ಲದವನಿಗೆ ತೇಗಿನಿಂದ ತೊಂದರೆ ಇಲ್ಲ. ಕಾಯುವ 15 ನಿಮಿಷದಲ್ಲಿ ತೇಗು ಬಂದರೆ ಕಾಯುವಿಕೆಯನ್ನು ಮೊದಲಿನಿಂದ ಶುರು ಮಾಡಬೇಕು.

ಕಾಯದೆ, ಏನು ತಿಂದೆ ಎಂದು ಕೇಳದೆ, ಒಂದೇ ಸಲ ಊದಿಸಿ ಕೇಸು ಬರೆಯುವುದು ಅರ್ಧ ಪರೀಕ್ಷೆ ಎಂದೇ ನನ್ನ ಅಭಿಪ್ರಾಯ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದಾದ ಅಪರಾಧಕ್ಕೆ ಕಾಲು ಗಂಟೆ ದೊಡ್ಡದಲ್ಲ. ಕಾಯ್ದೆಯೂ ಯಂತ್ರವನ್ನೇ ಕೊನೆಯ ಮಾತಾಗಿ ಬಿಟ್ಟಿಲ್ಲ. ಕುಡಿದು ಓಡಿಸಿದ ಆರೋಪದಲ್ಲಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರ ತಪಾಸಣೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡಬೇಕು ಎಂದು 202ನೇ ಕಲಮು ಹೇಳುತ್ತದೆ. ರಕ್ತದ ಮಾದರಿ ತೆಗೆಯುವ ದಾರಿ 204ರಲ್ಲಿದೆ. ತಾನು ಕುಡಿದಿಲ್ಲ ಎಂದು ಗೊತ್ತಿರುವ ಚಾಲಕ ಜಗಳಕ್ಕೆ ನಿಲ್ಲುವ ಬದಲು ಬಾಯಿ ನೀರಿನಿಂದ ಮುಕ್ಕಳಿಸಿ, 15 ನಿಮಿಷದ ನಂತರ ಹೊಸ ಕೊಳವೆಯಲ್ಲಿ ಮತ್ತೆ ಊದಿಸಿ ಎಂದು ಕೇಳಲಿ. ಎರಡೂ ಅಂಕಿ, ಎರಡೂ ಸಮಯ ಚೀಟಿಯಲ್ಲಿ ದಾಖಲಾಗಲಿ. ಆಗಲೂ ಒಪ್ಪಿಗೆ ಇಲ್ಲದಿದ್ದರೆ ತಡಮಾಡದೆ ರಕ್ತ ತಪಾಸಣೆ ಕೇಳಲಿ, ಏಕೆಂದರೆ ಗಂಟೆ ಕಳೆದಂತೆ ರಕ್ತದ ಅಂಕಿಯೂ ಬದಲಾಗುತ್ತದೆ.