ಎರಡು ಸಲ ಬಂದ ಸೋಮವಾರ

ಮರುದಿನ ಬೆಳಿಗ್ಗೆ ತ್ರೈಮಾಸಿಕ ಪರಿಶೀಲನಾ ಸಭೆ. ರಾತ್ರಿ ಡ್ಯಾಶ್‌ಬೋರ್ಡ್ ನೋಡುತ್ತಿದ್ದ ಇಂಟರ್ನ್ ಹುಡುಗಿಗೆ ಅನುಮಾನ ಬಂತು. ದಿನಕ್ಕೆ 4 ಲಕ್ಷದ ಆಸುಪಾಸಿನಲ್ಲಿದ್ದ ಮಾರಾಟ ಸೋಮವಾರ ಮಾತ್ರ 8 ಲಕ್ಷ.

“ವ್ಯಾಪಾರ ಜೋರಾಗಿರಬೇಕಮ್ಮ” ಎಂದರು ಮ್ಯಾನೇಜರ್.

“ಹಾಗಿದ್ದರೆ ಬಿಲ್ಲುಗಳೂ ಹೆಚ್ಚಿರಬೇಕಲ್ಲ ಸರ್?”

ಬಿಲ್ಲಿಗೊಂದು ಸಾಲಿರುವ ಪಟ್ಟಿಯನ್ನು ಎಣಿಸಿದಳು: ಸಾಲುಗಳು 2,400, ಬಿಲ್ ಸಂಖ್ಯೆಗಳು 1,200. ಬೆಳಗಿನ ನಿಗದಿತ ರಿಫ್ರೆಶ್ ಮುಗಿದ ಮೇಲೆ ಯಾರೋ ಅದನ್ನು ಇನ್ನೊಮ್ಮೆ ಓಡಿಸಿದ್ದರು. ಹಳೆಯದು ಅಳಿಯದೆ ಅದೇ ಸಾಲುಗಳು ಮತ್ತೆ ಸೇರಿದ್ದವು. ಮತ್ತೊಮ್ಮೆ ಒತ್ತಿದ್ದರೆ ಮೂರು ಪಟ್ಟಾಗುತ್ತಿತ್ತು.

ಆಕೆ ಬ್ಯಾಕಪ್ ತೆಗೆದು, ಸೋಮವಾರದ ಸಾಲುಗಳನ್ನಷ್ಟೇ ಅಳಿಸಿ, ಒಮ್ಮೆ ತುಂಬಿಸಿ, ಮೊತ್ತವನ್ನು ಬಿಲ್ಲಿಂಗ್ ಲೆಕ್ಕದೊಂದಿಗೆ ತಾಳೆ ನೋಡಿದಳು. ತುಂಬಿಸುವ ಮೊದಲು ಆ ದಿನದ ಸಾಲುಗಳನ್ನು ಅಳಿಸುವ ಆದೇಶವನ್ನೂ ಸೇರಿಸಿದಳು. ಇನ್ನು ಎಷ್ಟು ಸಲ ಒತ್ತಿದರೂ ಲೆಕ್ಕ ಉಬ್ಬದು.