ಸ್ಟೇಷನರಿ, ಪ್ರಿನ್ಸಿಪಲ್: ಒಂದೇ ಉಚ್ಚಾರ, ಎರಡು ಕಾಗುಣಿತ

ಇಂಗ್ಲಿಷಿನಲ್ಲಿ ‘ಸ್ಟೇಷನರಿ’ ಎಂದು ಉಚ್ಚರಿಸುವ ಪದಗಳು ಎರಡಿವೆ. ಒಂದರ ಅರ್ಥ ಕಾಗದ, ಪೆನ್ನು, ಲಕೋಟೆ ಮೊದಲಾದ ಬರವಣಿಗೆಯ ಸಾಮಗ್ರಿ. ಇನ್ನೊಂದರ ಅರ್ಥ ಅಲುಗಾಡದೆ ನಿಂತಿರುವುದು. ‘ಪ್ರಿನ್ಸಿಪಲ್’ ಎಂಬ ಪದವೂ ಹೀಗೆಯೇ ಎರಡಿದೆ. ಒಂದು ಮುಖ್ಯವಾದದ್ದನ್ನು ಅಥವಾ ಮುಖ್ಯಸ್ಥರನ್ನು ಸೂಚಿಸಿದರೆ ಇನ್ನೊಂದು ತತ್ವವನ್ನು ಸೂಚಿಸುತ್ತದೆ. ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದಾಗಲೂ ಜೋಡಿಯ ಎರಡು ಪದಗಳು ಒಂದೇ ರೂಪ ತಾಳುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಮಾತ್ರ ಪದದ ಕೊನೆಯಲ್ಲಿ ಬೇರೆಯಾಗುತ್ತವೆ.

ಸಾಮಗ್ರಿಯ ಸ್ಟೇಷನರಿ ‘ಇ-ಆರ್-ವೈ’ ಎಂದು ಮುಗಿಯುತ್ತದೆ, ನಿಂತಿರುವ ಸ್ಟೇಷನರಿ ‘ಎ-ಆರ್-ವೈ’ ಎಂದು ಮುಗಿಯುತ್ತದೆ. ಎರಡರ ಮೊದಲ ಭಾಗ ‘ಸ್ಟೇಷನ್’ ಆಗಿರುವುದರಿಂದ ರೈಲ್ವೆ ಸ್ಟೇಷನ್ನನ್ನು ನೆನೆದು ಪ್ರಯೋಜನವಿಲ್ಲ. ಆದರೆ ಈ ಸಾಮ್ಯ ಆಕಸ್ಮಿಕವೂ ಅಲ್ಲ. ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಸ್ಟೇಷನೇರಿಯಸ್’ ಎಂದರೆ ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಪುಸ್ತಕ ಮಾರುವವನು. ಆ ಕಾಲದ ಯುರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಸರಕು ಹೊತ್ತು ಊರೂರು ತಿರುಗುತ್ತಿದ್ದರು. ಪುಸ್ತಕದವರು ವಿಶ್ವವಿದ್ಯಾಲಯಗಳ ಬಳಿ ನೆಲೆ ನಿಂತು ಮಾರುತ್ತಿದ್ದುದರಿಂದ ಅವರಿಗೆ ಈ ಹೆಸರು ಬಂತು. ಇಂಗ್ಲಿಷಿನಲ್ಲಿ ಅದೇ ‘ಸ್ಟೇಷನರ್’ ಆಯಿತು. ಲಂಡನ್ನಿನ ಸ್ಟೇಷನರ್‌ಗಳು 1403ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದರು, 1557ರಲ್ಲಿ ಅದಕ್ಕೆ ಅರಸೊತ್ತಿಗೆಯ ಸನ್ನದು ಸಿಕ್ಕಿತು. ಸ್ಟೇಷನರ್ ಮಾರುವ ಸರಕೇ ಸ್ಟೇಷನರಿ. ಗ್ರೋಸರ್ ಮಾರುವುದು ಗ್ರೋಸರಿ ಆಗುವಂತೆಯೇ ಇದೂ. ವ್ಯಾಪಾರಿಯ ಹೆಸರಿನ ಕೊನೆಯ ‘ಇ-ಆರ್’ ಅವನ ಸರಕಿನಲ್ಲೂ ಉಳಿದುಕೊಂಡಿದೆ. ಅಂಗಡಿಗೆ ಸಂಬಂಧಪಟ್ಟ ಪದಕ್ಕೆ ‘ಇ’ ಏಕೆ ಎಂಬುದಕ್ಕೆ ಕಾರಣ ಇದು. ಕಾರಣ ಗೊತ್ತಿರುವ ಕಾಗುಣಿತ ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಇಷ್ಟು ಇತಿಹಾಸ ಹೇಳಲಾಗದ ಚಿಕ್ಕ ತರಗತಿಯ ಮಕ್ಕಳಿಗೆ ಪೆನ್ನು ಮತ್ತು ಎನ್ವಲಪ್ ಸಾಕು. ಪೆನ್ನಿನ ಇಂಗ್ಲಿಷ್ ಕಾಗುಣಿತದಲ್ಲಿರುವ ಒಂದೇ ಸ್ವರ ‘ಇ’, ಎನ್ವಲಪ್‌ನಲ್ಲಿ ಮೂರು ‘ಇ’ಗಳಿವೆ, ಎರಡರಲ್ಲೂ ‘ಎ’ ಇಲ್ಲವೇ ಇಲ್ಲ. ಪೇಪರ್ ಎಂಬ ಪದವನ್ನು ಗುರುತಾಗಿ ಹೇಳಿಕೊಡುವವರೂ ಇದ್ದಾರೆ. ಆದರೆ ಅದರಲ್ಲಿ ‘ಎ’, ‘ಇ’ ಎರಡೂ ಇರುವುದರಿಂದ ಅದು ಅಷ್ಟು ಭದ್ರವಲ್ಲ. ನಿಂತಿರುವ ಸ್ಟೇಷನರಿಗೆ ‘ಸ್ಟ್ಯಾಂಡ್’ ಎಂಬ ಪದ ಒಳ್ಳೆಯ ಗುರುತು, ಅದರ ಏಕೈಕ ಸ್ವರ ‘ಎ’. ಕನ್ನಡದ ‘ಅಚಲ’ ಇನ್ನೂ ಚೆನ್ನ. ಅರ್ಥವೂ ಅದೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದರ ಮೂರು ಸ್ವರಗಳೂ ‘ಎ’.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ‘ಪೆನ್ನು’ ಎನ್ನುವಾಗ ಕಿವಿಗೆ ಬೀಳುವ ಸ್ವರ ಕನ್ನಡದ ‘ಎ’. ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಐದನೆಯ ಅಕ್ಷರವಾದ ‘ಇ’ಯಿಂದ. ಇಂಗ್ಲಿಷಿನ ಮೊದಲ ಅಕ್ಷರವನ್ನೂ ನಾವು ‘ಎ’ ಎಂದೇ ಕರೆಯುತ್ತೇವೆ. ಹಾಗಾಗಿ ಬರೀ ಮಾತಿನಲ್ಲಿ ಹೇಳಿಕೊಟ್ಟರೆ ಮಗು ಪೆನ್ನಿನ ಸ್ವರವನ್ನು ನೆನೆದು ಮೊದಲ ಅಕ್ಷರವನ್ನೇ ಬರೆದುಬಿಡಬಹುದು. ಈ ಗುರುತನ್ನು ಹಲಗೆಯ ಮೇಲೆ ಬರೆದೇ ತೋರಿಸಬೇಕು. ಪೆನ್ನಿನ ‘ಇ’ಯನ್ನೂ ಸ್ಟೇಷನರಿಯ ‘ಇ’ಯನ್ನೂ ಒಂದೇ ಬಣ್ಣದ ಸೀಮೆಸುಣ್ಣದಲ್ಲಿ ತಿದ್ದಿದರೆ ಮಗು ನೆನಪಿಟ್ಟುಕೊಳ್ಳುವುದು ಸ್ವರವನ್ನಲ್ಲ, ಅಕ್ಷರವನ್ನು.

ವ್ಯಾಕರಣದ ನಿಯಮವೊಂದನ್ನೂ ಹೇಳುವುದುಂಟು: ನಿಂತಿರುವ ಸ್ಟೇಷನರಿ ಗುಣವಾಚಕ, ಸಾಮಗ್ರಿಯ ಸ್ಟೇಷನರಿ ನಾಮಪದ. ನಿಯಮ ಸರಿಯೇ. ಆದರೆ ‘ಸ್ಟೇಷನರಿ ಶಾಪ್’ ಎಂದಾಗ ನಾಮಪದವೇ ಇನ್ನೊಂದು ನಾಮಪದದ ಮುಂದೆ ನಿಂತು ಗುಣವಾಚಕದಂತೆ ಕಾಣುತ್ತದೆ. ಪದದ ಸ್ಥಾನವನ್ನಷ್ಟೇ ನೋಡುವ ವಿದ್ಯಾರ್ಥಿ ಇಲ್ಲಿ ‘ಎ’ ಬರೆಯುತ್ತಾನೆ. ಅಂಗಡಿಗಳ ನಾಮಫಲಕಗಳಲ್ಲೂ ಆಗಾಗ ಕಾಣುವ ತಪ್ಪು ಇದೇ. ಕೇಳಿಕೊಳ್ಳಬೇಕಾದ ಪ್ರಶ್ನೆ, ಇದನ್ನು ಕೊಳ್ಳಬಹುದೇ ಎಂಬುದು. ಕೊಳ್ಳುವ ಸರಕಾದರೆ ‘ಇ’. ಭೌತಶಾಸ್ತ್ರದ ಸ್ಟೇಷನರಿ ವೇವ್, ಅಂದರೆ ಸ್ಥಾಯೀ ತರಂಗ, ಕೊಳ್ಳುವ ವಸ್ತುವಲ್ಲ. ಅಲ್ಲಿ ‘ಎ’ಯೇ ಬರಬೇಕು.

ಪ್ರಿನ್ಸಿಪಲ್ ಜೋಡಿಯ ಬೇರೂ ಲ್ಯಾಟಿನ್‌ನಲ್ಲಿದೆ. ಮೊದಲಿಗ, ಮುಖ್ಯ ಎಂಬ ಅರ್ಥದ ‘ಪ್ರಿನ್ಸೆಪ್ಸ್’ನಿಂದ ಎರಡು ಕವಲು ಒಡೆದವು. ‘ಪ್ರಿನ್ಸಿಪಾಲಿಸ್’ ಎಂದರೆ ಮುಖ್ಯವಾದದ್ದು. ಅದರಿಂದ ಬಂದ ಪದದ ಕೊನೆ ‘ಪಿ-ಎ-ಎಲ್’. ‘ಪ್ರಿನ್ಸಿಪಿಯಂ’ ಎಂದರೆ ಆರಂಭ, ಬುನಾದಿ. ಅದರಿಂದ ಬಂದ ಪದದ ಕೊನೆ ‘ಪಿ-ಎಲ್-ಇ’.

ಇಂಗ್ಲಿಷ್ ಶಾಲೆಗಳಲ್ಲಿ ಪ್ರಿನ್ಸಿಪಲ್ ನಿಮ್ಮ ‘ಪಾಲ್’, ಅಂದರೆ ಗೆಳೆಯ ಎಂದು ಹೇಳಿಕೊಡುತ್ತಾರೆ. ಕನ್ನಡಿಗರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ‘ಪ್ರಾಂಶುಪಾಲ’ ಎಂಬ ಪದದೊಳಗೇ ‘ಪಾಲ’ ಇದೆ, ನಮ್ಮ ಆಡುಮಾತಿನ ‘ಪ್ರಿನ್ಸಿಪಾಲರು’ ಕೂಡ ಆ ‘ಎ’ಯನ್ನು ಎತ್ತಿ ಹೇಳುತ್ತದೆ. ಇಂಗ್ಲಿಷಿನವರ ಉಚ್ಚಾರದಲ್ಲಿ ಮರೆಯಾದ ಅಕ್ಷರ ನಮ್ಮ ನಾಲಿಗೆಯಲ್ಲಿ ಉಳಿದಿದೆ.

ಆದರೆ ಈ ಗುರುತು ಶಾಲೆಯ ಮುಖ್ಯಸ್ಥರಿಗಷ್ಟೇ ಹೊಂದುತ್ತದೆ. ಬಡ್ಡಿ ಲೆಕ್ಕದ ಪ್ರಿನ್ಸಿಪಲ್ ಬಂದಾಗ ಮಕ್ಕಳು ಮತ್ತೆ ಎಡವುತ್ತಾರೆ. 10,000 ರೂಪಾಯಿಯನ್ನು ವರ್ಷಕ್ಕೆ ಶೇ. 8ರ ಸರಳ ಬಡ್ಡಿಗೆ ಕೊಟ್ಟರೆ ವರ್ಷದ ಬಡ್ಡಿ 800 ರೂಪಾಯಿ, ಅಸಲು 10,000 ರೂಪಾಯಿ. ಆ ಅಸಲೇ ಪ್ರಿನ್ಸಿಪಲ್, ಸಾಲದ ಮುಖ್ಯ ಮೊತ್ತ. ‘ಅಸಲು’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಡುವೆ ‘ಎ-ಎಲ್’ ಸಿಗುತ್ತದೆ, ಪ್ರಿನ್ಸಿಪಲ್‌ನ ಕೊನೆಯಲ್ಲಿ ಬೇಕಾದದ್ದೂ ಅದೇ. ಸರ್ಕಾರದ ಪ್ರಿನ್ಸಿಪಲ್ ಸೆಕ್ರೆಟರಿ, ಮಸೂರದ ಪ್ರಿನ್ಸಿಪಲ್ ಫೋಕಸ್ ಇವೂ ಇದೇ ಗುಂಪಿನವು. ‘ಪ್ರಧಾನ’ ಎಂದು ಕನ್ನಡಿಸಿ ನೋಡಿದರೆ ಎಲ್ಲಕ್ಕೂ ಹೊಂದುತ್ತದೆ.

‘ಪಿ-ಎಲ್-ಇ’ ಎಂದು ಮುಗಿಯುವ ಪದದ ಅರ್ಥ ತತ್ವ, ನಿಯಮ, ಆಧಾರ. ಅದು ಯಾವಾಗಲೂ ನಾಮಪದ. ಆರ್ಕಿಮಿಡೀಸನ ತತ್ವವೂ, ಸಂವಿಧಾನದ ನಾಲ್ಕನೆಯ ಭಾಗದಲ್ಲಿರುವ ರಾಜ್ಯನೀತಿಯ ನಿರ್ದೇಶಕ ತತ್ವಗಳೂ ಇದಕ್ಕೆ ಸೇರುತ್ತವೆ. ನಿಯಮ ಎಂಬ ಅರ್ಥದ ಇಂಗ್ಲಿಷ್ ‘ರೂಲ್’ ಕೂಡ ‘ಎಲ್-ಇ’ ಎಂದೇ ಮುಗಿಯುವುದರಿಂದ ಅದು ರೂಢಿಯ ಗುರುತು. ಕನ್ನಡದಲ್ಲಿ ‘ನೆಲೆ’ ಎಂಬ ಪದವಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಕೊನೆಯೂ ‘ಎಲ್-ಇ’, ಬುನಾದಿ ಎಂಬ ಲ್ಯಾಟಿನ್ ಅರ್ಥಕ್ಕೂ ಅದು ತೀರ ಹತ್ತಿರ. ಆದರೆ ‘ಮೂಲ’ ಎಂಬ ಅರ್ಥವನ್ನು ಗುರುತಾಗಿ ಇಟ್ಟುಕೊಳ್ಳಬಾರದು. ಮೂಲಧನ ಒಂದು ಗುಂಪಿಗೆ, ಮೂಲತತ್ವ ಇನ್ನೊಂದು ಗುಂಪಿಗೆ ಸೇರುವುದರಿಂದ ಅದು ಎರಡೂ ಕಡೆ ಎಳೆಯುತ್ತದೆ.

ನಾಲ್ಕೂ ಪದಗಳು ಒಂದೇ ವಾಕ್ಯದಲ್ಲಿ ಬಂದರೆ ಹೇಗೆ ಬಿಡಿಸುವುದು? ‘ಸ್ಟೇಷನರಿ ಹೊತ್ತ ವ್ಯಾನು ಪೂರ್ತಿ ಸ್ಟೇಷನರಿ ಆದ ಮೇಲೆಯೇ ಮಕ್ಕಳು ಹತ್ತಿರ ಹೋಗಬೇಕು ಎಂಬ ಸಲಹೆಗೆ ಪ್ರಿನ್ಸಿಪಲ್ ಅವರು ಇನ್ ಪ್ರಿನ್ಸಿಪಲ್ ಒಪ್ಪಿದರು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದುಕೊಳ್ಳೋಣ. ವ್ಯಾನು ಹೊತ್ತದ್ದು ಕೊಳ್ಳುವ ಸರಕು, ಪೆನ್ನಿನ ‘ಇ’. ವ್ಯಾನು ಅಚಲವಾಗಬೇಕು, ಆದ್ದರಿಂದ ಎರಡನೆಯದಕ್ಕೆ ‘ಎ’. ಒಪ್ಪಿದವರು ಪ್ರಾಂಶುಪಾಲರು, ‘ಪಿ-ಎ-ಎಲ್’. ಅವರು ಒಪ್ಪಿದ್ದು ತಾತ್ವಿಕವಾಗಿ, ಅಲ್ಲಿ ‘ಪ್ರಧಾನ’ ಎಂದರೆ ಅರ್ಥವೇ ಕೂಡುವುದಿಲ್ಲ, ‘ಪಿ-ಎಲ್-ಇ’. ಇವುಗಳಲ್ಲಿ ಯಾವುದನ್ನು ಅದಲುಬದಲು ಮಾಡಿದರೂ ಸಿಗುವುದು ನಿಘಂಟಿನಲ್ಲಿರುವ ಪದವೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷಕ ಕೆಂಪು ಗೆರೆ ಎಳೆಯದೆ ಬಿಡಬಹುದು. ಬರೆದದ್ದನ್ನು ಒಮ್ಮೆ ಅರ್ಥ ಹಿಡಿದು ಓದಿದಾಗಲೇ ಈ ತಪ್ಪು ಕಣ್ಣಿಗೆ ಬೀಳುವುದು.