‘ಆಗಿತ್ತಂತೆ’ ಇಂಗ್ಲಿಷಿಗೆ ಹೋಗುವಾಗ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿ. ಜೂನ್ ತಿಂಗಳ ಬೆಳಿಗ್ಗೆ. ನ್ಯೂಯಾರ್ಕಿನ ಕ್ಲೈಂಟ್‌ಗೆ ದಿನವೂ ಹೋಗುವ ವರದಿ ಅವತ್ತು ಹೋಗಿಲ್ಲ. ಟೀಮಿನ ಚಾಟ್ ಹೀಗೆ ಸಾಗಿದೆ ಎಂದುಕೊಳ್ಳಿ:

“ರಾತ್ರಿ ಒಂದೂವರೆಗೆ ಜಾಬ್ ಫೇಲ್ ಆಗಿದೆ, ಲಾಗ್ ನೋಡ್ದೆ. ಯಾರೋ ಕಾನ್ಫಿಗ್ ಚೇಂಜ್ ಮಾಡ್ಬಿಟ್ಟಿದಾರೆ ಅನ್ಸತ್ತೆ.”

“ಇಲ್ಲ ಮಗಾ, ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿತ್ತಂತೆ. ಡೇಟಾಬೇಸ್ ಟೀಮ್‌ನೋರು ರೀಸೆಟ್ ಮಾಡ್ತಿದಾರೆ.”

“ಸರಿ, ರೀರನ್ ಮಾಡ್ತೀನಿ. ಸಂಜೆಯೊಳಗೆ ಆಗತ್ತೆ, ನೋಡೋಣ.”

ಇದನ್ನೇ ಈಗ ಕ್ಲೈಂಟ್‌ಗೆ ಮೇಲ್ ಮಾಡಬೇಕು. ಅರ್ಧಕ್ಕರ್ಧ ಪದಗಳು ಆಗಲೇ ಇಂಗ್ಲಿಷಿನಲ್ಲಿರುವುದರಿಂದ ಕೆಲಸ ಸುಲಭ ಅನ್ನಿಸುತ್ತದೆ. ಆದರೆ ಇಂಗ್ಲಿಷ್ ಇರುವುದು ವಸ್ತುಗಳ, ಕೆಲಸಗಳ ಹೆಸರಿನಲ್ಲಿ ಮಾತ್ರ. ಯಾವುದು ಕಣ್ಣಾರೆ ಕಂಡದ್ದು, ಯಾವುದು ಕೇಳಿದ್ದು, ಯಾವುದು ಊಹೆ ಎಂಬುದೆಲ್ಲ ಕನ್ನಡದ ಕ್ರಿಯಾಪದದ ಬಾಲದಲ್ಲಿದೆ. ಅನುವಾದದಲ್ಲಿ ಮೊದಲು ಉದುರುವುದು ಈ ಬಾಲವೇ.

‘ಅಂತೆ’ಯನ್ನು ನೋಡಿ. ಇನ್ನೊಬ್ಬರು ಹೇಳಿದ್ದು, ನಾನು ಪರೀಕ್ಷಿಸಿಲ್ಲ ಎಂಬುದನ್ನು ಆ ಎರಡಕ್ಷರ ಹೇಳಿಬಿಡುತ್ತದೆ. ಅದನ್ನು ಬಿಟ್ಟು ‘ಪಾಸ್‌ವರ್ಡ್ ಹ್ಯಾಡ್ ಎಕ್ಸ್‌ಪೈರ್ಡ್’ ಎಂದು ಬರೆದರೆ ಅದು ನಮ್ಮ ತೀರ್ಮಾನವಾಗುತ್ತದೆ. ನಾಳೆ ಕಾರಣ ಬೇರೆ ಎಂದು ತಿಳಿದರೆ ಸುಳ್ಳು ಹೇಳಿದವರು ನಾವೇ. ಇಲ್ಲಿ ‘ಡೇಟಾಬೇಸ್ ಟೀಮ್ ಹ್ಯಾಸ್ ಇನ್ಫಾರ್ಮ್ಡ್ ಅಸ್’ ಎಂದು ಶುರುಮಾಡಲೇಬೇಕು. ‘ಯಾರೋ ಮಾಡ್ಬಿಟ್ಟಿದಾರೆ ಅನ್ಸತ್ತೆ’ ಎಂಬುದನ್ನು ಎಷ್ಟೇ ನಯವಾದ ಇಂಗ್ಲಿಷಿಗೂ ತರಬಾರದು. ಅದು ಊಹೆ, ಮುಂದಿನ ಸಾಲಿನಲ್ಲೇ ತಳ್ಳಿಹೋಗಿದೆ. ಜೊತೆಗೆ ‘ಬಿಟ್ಟಿ’ಯೊಳಗೆ ಒಂದು ದೂರು ಅಡಗಿದೆ.

‘ಮಾಡ್ತೀನಿ’ ಇನ್ನೂ ತೊಡಕಿನದು. ಈಗಲೇ ಮಾಡುತ್ತಾನೋ, ರೀಸೆಟ್ ಮುಗಿದ ಮೇಲೆ ಮಾಡುತ್ತಾನೋ? ಕನ್ನಡದಲ್ಲಿ ಎರಡಕ್ಕೂ ಅದೇ ರೂಪ, ಮೇಲ್‌ನಲ್ಲಿ ಯಾವುದೆಂದು ಸ್ಪಷ್ಟವಾಗಿರಬೇಕು. ಬರೆಯುವವರು ತಾವೇ ಆರಿಸದೆ, ಎದ್ದು ಹೋಗಿ ಅವನನ್ನೇ ಕೇಳುವುದು ಒಳ್ಳೆಯದು. ‘ಆಗತ್ತೆ, ನೋಡೋಣ’ ಕೂಡ ಭರವಸೆಯಲ್ಲ. ‘ವಿಲ್ ಬಿ ಕಂಪ್ಲೀಟೆಡ್’ ಎಂದರೆ ವಾಗ್ದಾನವಾಗುತ್ತದೆ, ‘ವಿ ಎಕ್ಸ್‌ಪೆಕ್ಟ್’ ಎಂದರೆ ಚಾಟ್‌ನಲ್ಲಿದ್ದಷ್ಟೇ ಭಾರ ಉಳಿಯುತ್ತದೆ.

ಉಳಿದದ್ದು ಹೊತ್ತು. ನಮ್ಮ ರಾತ್ರಿ 1.30 ಎಂದರೆ ಬೇಸಿಗೆಯ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ಸಂಜೆ 4. ಮೇಲ್‌ನಲ್ಲಿ ‘ಲಾಸ್ಟ್ ನೈಟ್’ ಎಂದಿದ್ದರೆ ಅವರು ತಮ್ಮ ರಾತ್ರಿಯ ಲಾಗ್ ತೆರೆದು, ಏನೂ ಕಾಣದೆ ಮರುಪ್ರಶ್ನೆ ಕಳಿಸುತ್ತಾರೆ. ಆದ್ದರಿಂದ ತಾರೀಖು, ಗಂಟೆ, ಎರಡೂ ಊರಿನ ಸಮಯ ಬರೆಯಬೇಕು. ‘ಸಂಜೆಯೊಳಗೆ’ ಎಂದರೆ ಎಷ್ಟು ಹೊತ್ತಿಗೆ ಎಂದು ಆ ಹುಡುಗನನ್ನು ಕೇಳಿದಾಗ ಆರು ಗಂಟೆ ಎಂದನೆನ್ನಿ. ಅವರಿಗದು ಬೆಳಿಗ್ಗೆ 8.30.

ಕೊನೆಗೆ ಮೇಲ್ ನಾಲ್ಕು ವಾಕ್ಯಕ್ಕೆ ನಿಲ್ಲುತ್ತದೆ: ವರದಿ ಇಂಥ ಹೊತ್ತಿಗೆ ವಿಫಲವಾಯಿತು; ಪಾಸ್‌ವರ್ಡ್ ಅವಧಿ ಮುಗಿದಿತ್ತೆಂದು ಡೇಟಾಬೇಸ್ ತಂಡ ತಿಳಿಸಿದೆ; ರೀಸೆಟ್ ಆದೊಡನೆ ಮತ್ತೆ ಓಡಿಸುತ್ತೇವೆ; ನಿಮ್ಮ ಬೆಳಿಗ್ಗೆ 8.30ಕ್ಕೆ ವರದಿ ತಲುಪುವ ನಿರೀಕ್ಷೆಯಿದೆ.